ಉದ್ದ ವಿವರಣೆ ಫೋನಿನಲ್ಲಿ ಗೋಡೆ ಥರ ಕಾಣುತ್ತಿದೆ, ಏನು ಮಾಡಲಿ?

ಹೊಲಿಗೆಪೆಟ್ಟಿಗೆ: ಹೊಲಿಗೆ ಯಂತ್ರದ ಬಗ್ಗೆ 900 ಪದಗಳ ವಿವರಣೆ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಚೆನ್ನಾಗಿದೆ, ಫೋನಿನಲ್ಲಿ ಗೋಡೆ. ಎಲ್ಲಿ ಒಡೆಯಲಿ? ಅನುಭವ ಇದ್ದವರು ಹೇಳಿ.

ಗಡಿಗೆನೀರು: ನಾನು ನೀರಿನ ಫಿಲ್ಟರ್ ಬಗ್ಗೆ ಬರೆದು ಅನುಭವಿಸಿದ್ದೇನೆ. ಏಳು ವಾಕ್ಯದ ಒಂದೇ ಪ್ಯಾರಾ, ಫೋನಿನಲ್ಲಿ 24 ಸಾಲು! ಓದಿದವರೆಲ್ಲ ಕೇಳಿದ್ದು ಒಂದೇ, "ಕ್ಯಾಂಡಲ್ ಯಾವಾಗ ಬದಲಿಸಬೇಕು?" ಅದು ಅಲ್ಲೇ ಇತ್ತು, ಐದನೇ ವಾಕ್ಯದಲ್ಲಿ. ಸಿಟ್ಟಿನಲ್ಲಿ ಕೂತು ನಾಲ್ಕು ಸಾಲಿಗೊಂದರಂತೆ ಕತ್ತರಿಸಿದೆ. ಅದು ಇನ್ನೂ ದೊಡ್ಡ ತಪ್ಪು. "ಮೊದಲು ನಲ್ಲಿ ಮುಚ್ಚಿ" ಅನ್ನೋ ಮಾತು ಒಂದು ಪ್ಯಾರಾದ ಕೊನೆಗೆ ಹೋಯಿತು, ಬಿಚ್ಚುವ ಕೆಲಸ ಮುಂದಿನ ಶೀರ್ಷಿಕೆಯ ಕೆಳಗೆ ಬಂತು. ಒಬ್ಬರು ನೇರ ಆ ಶೀರ್ಷಿಕೆಗೆ ಹೋಗಿ, ನಲ್ಲಿ ಮುಚ್ಚದೆ ಬಿಚ್ಚಿ, ಅಡುಗೆಮನೆ ತುಂಬಾ ನೀರು ಮಾಡಿಕೊಂಡು ನನಗೆ ಬೈದರು. ಎರಡು ರಾತ್ರಿ ಕೂತು ಮತ್ತೆ ಬರೆದೆ. ಈಗ ಸಾಲು ಎಣಿಸುವುದಿಲ್ಲ, ವಿಷಯ ಬದಲಾದಲ್ಲಿ ಒಡೆಯುತ್ತೇನೆ. "ನಿರ್ವಹಣೆ" ಅಂತ ಇದ್ದ ಶೀರ್ಷಿಕೆ ತೆಗೆದು "ಕ್ಯಾಂಡಲ್ ಬದಲಿಸುವುದು ಯಾವಾಗ" ಅಂತ ಇಟ್ಟೆ. ಆ ಪ್ರಶ್ನೆ ಬರುವುದು ನಿಂತಿತು.

ಒಂದೇಸಾಲು: ಇಷ್ಟೆಲ್ಲ ಯಾಕೆ? ನಾನು ಪ್ರತಿ ವಾಕ್ಯದ ನಂತರ ಎರಡು ಸಲ ಎಂಟರ್ ಒತ್ತುತ್ತೇನೆ, ಮುಖ್ಯ ಮಾತನ್ನು ದಪ್ಪ ಮಾಡುತ್ತೇನೆ. ಮೂರು ವರ್ಷದಿಂದ ಯಾರೂ ದೂರಿಲ್ಲ.

ಗಡಿಗೆನೀರು: ದೂರುವಷ್ಟು ದೂರ ಯಾರಾದರೂ ಓದಿದರೆ ತಾನೇ! ಎಲ್ಲ ವಾಕ್ಯವೂ ಬೇರೆ ಬೇರೆ ನಿಂತರೆ ಯಾವುದಕ್ಕೆ ಯಾವುದು ಸೇರಿದ್ದು ಅಂತ ಹೇಗೆ ಗೊತ್ತಾಗಬೇಕು?

ಕಿವಿಓದು: ನಾನು ಕಣ್ಣಿನಿಂದ ಓದುವವನಲ್ಲ, ಟಾಕ್‌ಬ್ಯಾಕ್ ಓದಿ ಹೇಳುತ್ತದೆ. ಅದರಲ್ಲಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ದಪ್ಪ ಅಕ್ಷರ ಅದಕ್ಕೆ ಶೀರ್ಷಿಕೆಯೇ ಅಲ್ಲ, ಸುಮ್ನೆ ಪಠ್ಯ. ಮೊನ್ನೆ ಒಂದು ಮಿಕ್ಸರ್ ವಿವರಣೆಯಲ್ಲಿ ಬ್ಲೇಡ್ ತೊಳೆಯುವ ಭಾಗ ಹುಡುಕಲು ಮೊದಲಿಂದ ಕೊನೆವರೆಗೂ ಕೇಳಬೇಕಾಯಿತು. ಬರೆಯುವ ಜಾಗದಲ್ಲಿ Heading 2 ಅಂತ ಇದ್ದರೆ ಅದನ್ನೇ ಆರಿಸಿ. ಕೋಡ್ ಆದರೆ ಹೀಗೆ:

```
<h2>ದಾರ ಪೋಣಿಸುವುದು</h2>
```

ಒಂದೇಸಾಲು: ನಾನು ಬರೆಯುವ ಕಡೆ ಆ ಸೌಲಭ್ಯವೇ ಇಲ್ಲ. ಎಲ್ಲರಿಗೂ ಕೋಡ್ ಬರಬೇಕು ಅಂದರೆ ಹೇಗೆ ಸ್ವಾಮಿ?

ಕಿವಿಓದು: ಇಲ್ಲದಿದ್ದರೆ ಬೇರೆ ಮಾತು. ಇದ್ದೂ ಬಳಸದವರಿಗೆ ಹೇಳಿದ್ದು.

ಒತ್ತಕ್ಷರ: ಯಾರೂ ಸಾಲಿನ ಅಂತರ ಹೇಳಲಿಲ್ಲ. ನನ್ನ ಶೀರ್ಷಿಕೆ ಫೋನಿನಲ್ಲಿ ಎರಡು ಸಾಲಾಗಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಇಂಗ್ಲಿಷಿಗೆ ಮಾಡಿದ ವಿನ್ಯಾಸ, line-height 1.2 ಇತ್ತು. 1.6 ಮಾಡಿದ ಮೇಲೆ ಸರಿಹೋಯಿತು. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ತೆಗೆದೆ, ನಮ್ಮ ಉದ್ದ ಪದಗಳಿಗೆ ಸಣ್ಣ ಪರದೆಯಲ್ಲಿ ಸಾಲಿನ ನಡುವೆ ಹೊಂಡ ಬೀಳುತ್ತಿತ್ತು.

ಹೊಲಿಗೆಪೆಟ್ಟಿಗೆ: ಸೂಜಿ ಬದಲಿಸುವ ಭಾಗದಲ್ಲಿ "ಮೊದಲು ಪ್ಲಗ್ ತೆಗೆಯಿರಿ" ಅನ್ನುವುದು ನನ್ನದೂ ಹಿಂದಿನ ಪ್ಯಾರಾದಲ್ಲೇ ಇದೆ. ಈಗಲೇ ಸರಿ ಮಾಡುತ್ತೇನೆ.

ಒಂದೇಸಾಲು: ನೋಡಿ, ಒಂದು ವಾಕ್ಯಕ್ಕೊಂದು ಪ್ಯಾರಾ ಇದ್ದಿದ್ದರೆ ಅದು ಎದ್ದು ಕಾಣುತ್ತಿತ್ತು.

ಗಡಿಗೆನೀರು: ಮತ್ತೆ ಶುರು ಮಾಡಿದರು.