ಚಿಕ್ಕಜ್ಜನ ಮುಖಕ್ಕೆ ಗ್ರೇನ್ ಹೊಂದಿಸುವುದು

"ಅತ್ತೆ, ಅಜ್ಜ-ಅಜ್ಜಿ ಮದುವೆ ಗ್ರೂಪ್ ಫೋಟೋದ ಹಿಂದಿನ ಸಾಲಿಗೆ ಚಿಕ್ಕಜ್ಜನನ್ನು ಸೇರಿಸಿದೆ. ಬಣ್ಣ, ಬೆಳಕು ಎಲ್ಲ ಹೊಂದಿಸಿದ್ದೀನಿ. ಆದ್ರೂ ಕತ್ತರಿಸಿ ಅಂಟಿಸಿದ ಹಾಗೇ ಕಾಣ್ತಿದೆ. ಏನು ತಪ್ಪಾಗಿದೆ?"

ಪುಟ್ಟಿ, ನಿನ್ನ ಫೈಲನ್ನು ಈಗ ತಾನೇ ತೆಗೆದು ನೋಡಿದೆ. ಬೆಳಕು ಬಿದ್ದಿರುವ ಕಡೆ, ಗದ್ದದ ಕೆಳಗಿನ ನೆರಳು, ಎಲ್ಲ ಸರಿಯಾಗಿ ಕೂತಿದೆ. ಈಗ ಒಂದು ಕೆಲಸ ಮಾಡು. ಫೋಟೋಶಾಪ್‌ನಲ್ಲಿ 200% ಗೆ ಹೋಗಿ ಚಿಕ್ಕಜ್ಜನ ಹಣೆ ನೋಡು. ಆಮೇಲೆ ಪಕ್ಕದಲ್ಲಿ ನಿಂತಿರುವ ಅಜ್ಜಿಯ ಅಣ್ಣನ ಹಣೆ ನೋಡು. ಅಣ್ಣನ ಹಣೆ ಸಣ್ಣ ರವೆ ಉದುರಿಸಿದ ಹಾಗೆ ತರಿತರಿಯಾಗಿದೆ. ಚಿಕ್ಕಜ್ಜನದು ಬೆಣ್ಣೆ ಸವರಿದ ಹಾಗೆ ನುಣ್ಣಗಿದೆ. ಕಣ್ಣಿಗೆ ಚುಚ್ಚುತ್ತಿರುವುದು ಅದೇ.

ಆ ತರಿ ಫಿಲ್ಮಿನದು, ಗ್ರೇನ್ ಅನ್ನುವುದು ಅದನ್ನೇ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳ್ಳಿಯ ಕಣಗಳಿಂದ. ಅವು ಅಲ್ಲಲ್ಲಿ ಗುಂಪುಗೂಡಿ, ಪ್ರಿಂಟ್ ಹಾಕಿದಾಗ ಹೀಗೆ ಕಾಣುತ್ತವೆ. ನೀನು ಚಿಕ್ಕಜ್ಜನ ಚಿತ್ರ ತೆಗೆದಿದ್ದು ಗೋಡೆಯ ಮೇಲಿದ್ದ ಕಟ್ಟಿನ ಫೋಟೋದಿಂದ, ಅದೂ ಫೋನಿನಲ್ಲಿ, ಅಲ್ವಾ? ಅದರಲ್ಲೂ ಗ್ರೇನ್ ಇದ್ದಿರುತ್ತದೆ. ಆದರೆ ಫೋನು ಅದನ್ನು ನಾಯ್ಸ್, ಅಂದರೆ ಬೇಡದ ಚುಕ್ಕೆ ಅಂದುಕೊಂಡು ಒರೆಸಿಹಾಕಿದೆ. ಉಳಿದಿದ್ದು ನೀನು ಚಿತ್ರವನ್ನು ಕುಗ್ಗಿಸಿದಾಗ ಹೋಯಿತು. ಚಿತ್ರ ಅರ್ಧಕ್ಕೆ ಇಳಿದರೆ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತವೆ, ತರಿಯೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀನು ಐದನೇ ಒಂದು ಪಾಲಿಗೆ ಇಳಿಸಿದ್ದೀಯ.

ಅದಕ್ಕೇ ಗ್ರೇನ್ ಕೊನೆಯ ಕೆಲಸ. ಅಳತೆ, ಕಾಂಟ್ರಾಸ್ಟ್, ಫೋಕಸ್ ಎಲ್ಲ ಮುಗಿದ ಮೇಲೆ ಹಾಕಬೇಕು. ನಾನು ಸ್ಟುಡಿಯೋಗೆ ಸೇರಿದ ಹೊಸದರಲ್ಲಿ ಒಬ್ಬರ ಮನೆ ಫೋಟೋಗೆ ಮೊದಲು ಗ್ರೇನ್ ಹಾಕಿ ಆಮೇಲೆ ತಲೆಯನ್ನು ಚಿಕ್ಕದು ಮಾಡಿದ್ದೆ. ಪ್ರಿಂಟಿನಲ್ಲಿ ಆ ಒಂದು ಮುಖ ಮಾತ್ರ ಮೇಣದ ಬೊಂಬೆಯಂತಿತ್ತು. ಇಡೀ ಪ್ರಿಂಟ್ ಮತ್ತೆ ಮಾಡಿಕೊಡಬೇಕಾಯಿತು.

ಈಗ ಕೆಲಸಕ್ಕೆ ಬರೋಣ. ಚಿಕ್ಕಜ್ಜನ ಲೇಯರಿನ ಮೇಲೆ ಹೊಸ ಲೇಯರ್ ಮಾಡಿ 50% ಬೂದು ಬಣ್ಣ ತುಂಬು. ಬ್ಲೆಂಡ್ ಮೋಡ್ Overlay ಇಡು. ಅದನ್ನು ಚಿಕ್ಕಜ್ಜನಿಗೆ ಮಾತ್ರ ತಗಲುವಂತೆ Create Clipping Mask ಕೊಡು. ಈ ಬೂದು ಹಾಗೇ ಇದ್ದರೆ ಏನೂ ಬದಲಾಗುವುದಿಲ್ಲ. ಅದರ ಮೇಲೆ Filter > Noise > Add Noise ಹಾಕು. Gaussian ಮತ್ತು Monochromatic ಎರಡೂ ಆರಿಸಿರಬೇಕು. Monochromatic ಮರೆತರೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ಬರುತ್ತವೆ. ಕಂದು ತಿರುಗಿದ ಹಳೇ ಫೋಟೋದಲ್ಲಿ ಅದು ದೂರದಿಂದಲೇ ಗೊತ್ತಾಗುತ್ತದೆ.

Overlay ಯಾಕೆ ಅಂದರೆ, ಪ್ರಿಂಟಿನಲ್ಲಿ ಗ್ರೇನ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮುಖ, ಗೋಡೆ ಇಂಥ ನಡು ಬಣ್ಣಗಳಲ್ಲಿ ಜಾಸ್ತಿ. ಅಜ್ಜನ ಬಿಳಿ ಪಂಚೆಯಲ್ಲಿ, ಕಡುಗಪ್ಪು ಕೂದಲಲ್ಲಿ ಕಾಣುವುದೇ ಕಡಿಮೆ. Overlay ಕೂಡ ಹಾಗೇ ನಡೆದುಕೊಳ್ಳುತ್ತದೆ. ನೇರವಾಗಿ ಚಿತ್ರದ ಮೇಲೆ ನಾಯ್ಸ್ ಸುರಿದರೆ ಚಿಕ್ಕಜ್ಜನ ತಲೆಗೂದಲಲ್ಲಿ ಹೊಟ್ಟು ಉದುರಿದ ಹಾಗಾಗುತ್ತದೆ.

ಆದರೆ Add Noise ಕೊಡುವ ಚುಕ್ಕೆ ಒಂದೊಂದೇ ಪಿಕ್ಸೆಲಿನದು, ಉಪ್ಪಿನ ಪುಡಿಯಂತೆ ಚೂಪು. ನೀನು 600 ಡಿಪಿಐಗೆ ಸ್ಕ್ಯಾನ್ ಮಾಡಿರುವುದರಿಂದ ನಿಜವಾದ ತರಿ ಎರಡು-ಮೂರು ಪಿಕ್ಸೆಲ್ ಅಗಲ ಇದೆ, ಅಂಚು ಮೆತ್ತಗಿದೆ. ಹಾಗಾಗಿ ಬೂದು ಲೇಯರಿಗೆ Gaussian Blur ಕೊಡು, 1 ಪಿಕ್ಸೆಲ್ ಆಸುಪಾಸು. 400% ನಲ್ಲಿ ಎರಡು ಹಣೆಗಳನ್ನೂ ಒಟ್ಟಿಗೆ ನೋಡುತ್ತಾ 0.7 ರಿಂದ 1.3 ರ ತನಕ ಆಡಿಸು. ಎಷ್ಟು ಜೋರು ಅನ್ನುವುದಕ್ಕಿಂತ ಎಷ್ಟು ದಪ್ಪ ಅನ್ನುವುದು ಮೊದಲು ಹೊಂದಬೇಕು. ದಪ್ಪ ತಪ್ಪಿದರೆ ಜೋರು ಎಷ್ಟೇ ಸರಿ ಇದ್ದರೂ ಮುಖ ಬೇರೆಯಾಗಿಯೇ ನಿಲ್ಲುತ್ತದೆ. ಇನ್ನೊಂದು, 1 ಪಿಕ್ಸೆಲ್ ಬ್ಲರ್ ಕೊಟ್ಟರೆ ನಾಯ್ಸಿನ ಜೋರು ಮೂರನೇ ಒಂದು ಪಾಲಿಗೂ ಕಡಿಮೆ ಆಗುತ್ತದೆ. ಅದಕ್ಕೇ ಮೊದಲು ಅತಿ ಅನ್ನಿಸುವಷ್ಟು ಹಾಕಿಕೋ.

ಜೋರನ್ನು ಕಣ್ಣಳತೆಗೆ ಬಿಡಬೇಡ, ಅಳೆಯಬಹುದು. Histogram ಪ್ಯಾನಲ್ ತೆಗೆದು Expanded View ಇಡು. ಅಣ್ಣನ ಹಣೆಯ ಮೇಲೆ ಒಂದು ಪುಟ್ಟ ಚೌಕ ಆರಿಸು, ಬೆಳಕು ಏರಿಳಿಯದ ಜಾಗ ನೋಡಿಕೋ. ಸುಕ್ಕು ಅಥವಾ ನೆರಳು ಒಳಗೆ ಸೇರಿದರೆ ಲೆಕ್ಕ ಸುಳ್ಳಾಗಿ ಏರುತ್ತದೆ. Std Dev ಅಂತ ಒಂದು ಅಂಕಿ ಬರುತ್ತದೆ, ಆ ಚೌಕದೊಳಗೆ ಪಿಕ್ಸೆಲ್‌ಗಳ ಬೆಳಕು ಎಷ್ಟು ಏರಿಳಿಯುತ್ತದೆ ಅನ್ನುವ ಲೆಕ್ಕ ಅದು. ನಾನು ನೋಡಿದಾಗ ಅಲ್ಲಿ 9, ಚಿಕ್ಕಜ್ಜನ ಹಣೆಯಲ್ಲಿ 4 ಇತ್ತು. ಹಾಗಾದರೆ 5 ಸೇರಿಸಿದರೆ ಆಯಿತು ಅನ್ನಬೇಡ. ಒಂದು ತರಿಯ ಮೇಲೆ ಇನ್ನೊಂದು ಬಿದ್ದಾಗ ಕೆಲವು ಕಡೆ ಕೂಡುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ವರ್ಗಗಳನ್ನು ಕಳೆಯಬೇಕು: 81 ರಲ್ಲಿ 16 ಹೋದರೆ 65, ಅದರ ವರ್ಗಮೂಲ ಸುಮಾರು 8. ಸೇರಿಸಬೇಕಾದ್ದು 8. ಲೇಯರಿನ ಒಪಾಸಿಟಿ ಏರಿಸುತ್ತಾ ಇಳಿಸುತ್ತಾ ಚಿಕ್ಕಜ್ಜನ ಹಣೆಯಲ್ಲಿ 9 ಬರುವ ತನಕ ಅಳೆದು ನೋಡು. ಪ್ಯಾನಲಿನ ಮೇಲಿನ ಎಚ್ಚರಿಕೆಯ ತ್ರಿಕೋನ ಒತ್ತಿ ಲೆಕ್ಕ ಹೊಸದು ಮಾಡಿಕೊಳ್ಳುವುದು ಮರೆಯಬೇಡ, ಇಲ್ಲದಿದ್ದರೆ ಹಳೇ ಅಂಕಿಯೇ ತೋರಿಸುತ್ತದೆ.

ಇಷ್ಟಾದರೂ ಶರ್ಟಿನ ಮೇಲೆ ಏನೋ ಕೊರತೆ ಅನ್ನಿಸಬಹುದು. ಮದುವೆ ಫೋಟೋದ ಬಲ ಮೂಲೆಯ ಗೋಡೆ ನೋಡು, ಜೇನುಗೂಡಿನ ಹಾಗೆ ಸಾಲುಸಾಲು ಗೀರು ಇದೆ. ಅದು ಗ್ರೇನ್ ಅಲ್ಲ, ಪ್ರಿಂಟ್ ಹಾಕಿದ ಕಾಗದದ ಉಬ್ಬುತಗ್ಗು ಸ್ಕ್ಯಾನರಿನ ಬೆಳಕಿಗೆ ಹೊಳೆದಿದೆ. Add Noise ನಿಂದ ಅದು ಬರುವುದಿಲ್ಲ, ಯಾಕೆಂದರೆ ಅದಕ್ಕೊಂದು ಕ್ರಮ ಇದೆ. ಆ ಗೋಡೆಯ ಖಾಲಿ ತುಂಡನ್ನೇ ಹೊಸ ಲೇಯರಿಗೆ ಕಾಪಿ ಮಾಡಿ, ಬಣ್ಣ ತೆಗೆದು, Filter > Other > High Pass ಕೊಡು. ಬೂದು ಬಣ್ಣದ ಮೇಲೆ ವಿನ್ಯಾಸ ಮಾತ್ರ ಉಳಿಯುತ್ತದೆ. ಅದನ್ನೂ Overlay ಮಾಡಿ ಚಿಕ್ಕಜ್ಜನ ಮೇಲೆ ಇಡು. ಆ ತುಂಡಿನ ಜೊತೆ ನಿಜವಾದ ಗ್ರೇನೂ ಬರುತ್ತದೆ, ಆಗ ನೀನು ಹಾಕಿದ್ದನ್ನು ಕಡಿಮೆ ಮಾಡು. ತಿರುಗಿಸಬೇಡ, ಗೀರು ಅಡ್ಡಡ್ಡ ಆಗುತ್ತದೆ. ಒಂದೇ ತುಂಡನ್ನು ಪಕ್ಕಪಕ್ಕ ಅಂಟಿಸಲೂಬೇಡ, ಒಂದೇ ಕಲೆ ಎರಡು ಸಲ ಕಂಡು ಗುಟ್ಟು ರಟ್ಟಾಗುತ್ತದೆ.

ಮುಗಿದ ಮೇಲೆ ಎಲ್ಲದರ ಮೇಲೆ ಒಂದು Curves ಲೇಯರ್ ಇಟ್ಟು ಕಾಂಟ್ರಾಸ್ಟನ್ನು ವಿಪರೀತ ಏರಿಸಿ ನೋಡು. ಹೊಂದದ ಜಾಗ ತೇಪೆಯ ಹಾಗೆ ಎದ್ದು ಬರುತ್ತದೆ. ಕತ್ತರಿಸಿದ ಅಂಚಿನ ಸುತ್ತ ಮುಖ್ಯವಾಗಿ ನೋಡು. ನೋಡಿ ಆ ಲೇಯರ್ ಅಳಿಸು.

ಕಳೆದ ತಿಂಗಳು ನಿಮ್ಮಪ್ಪ ಕೇಳಿದ್ದ ರಾತ್ರಿಯ ದೀಪಾವಳಿ ಫೋಟೋಗೆ ಇದೇ ದಾರಿ ಹಿಡಿಯಬೇಡ. ಅದು ಫೋನಿನ ಸೆನ್ಸರ್ ನಾಯ್ಸ್. ನೆರಳಿನಲ್ಲಿ ಜಾಸ್ತಿ, ಬಣ್ಣಬಣ್ಣದ ಮಚ್ಚೆಯಾಗಿ ಇರುತ್ತದೆ. Overlay ನೆರಳಿನಲ್ಲೇ ಕೈಕೊಡುತ್ತದೆ. ಅಲ್ಲಿ Normal ಮೋಡಿನಲ್ಲಿ, ಚಿತ್ರದ ಕಾಪಿಗೇ Monochromatic ಇಲ್ಲದೆ ನಾಯ್ಸ್ ಹಾಕಿ, ಬೆಳಕಿನ ಜಾಗಗಳಲ್ಲಿ ಮಾಸ್ಕಿನಿಂದ ಒರೆಸಬೇಕು. ಆ ಫೈಲ್ ಸಿಕ್ಕರೆ ಒಟ್ಟಿಗೆ ಕೂತು ಮಾಡೋಣ.

ಮುಗಿಸಿದ್ದನ್ನು ಇಲ್ಲಿ ಫೋಟೋ ಆಗಿ ಹಾಕಬೇಡ, ವಾಟ್ಸಾಪ್ ಕುಗ್ಗಿಸಿ ಗ್ರೇನನ್ನೆಲ್ಲ ಕಲಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸು. ಭಾನುವಾರ ಒಂದು ಸಣ್ಣ ಪ್ರಿಂಟ್ ತೆಗೆದು ಅಜ್ಜಿಗೆ ತೋರಿಸುತ್ತೇನೆ.