ಸಹಾಯ ಬೇಕು: ನೋಟ್ಸ್ ಫೋಟೋದ ಸೂತ್ರಗಳನ್ನು ಟೈಪ್ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಚಿಂತಾಮಣಿಯವರು. ಮಗಳ ಗೆಳತಿಗೆ ಕಣ್ಣು ಕಾಣಿಸುವುದಿಲ್ಲ, ಪಾಠವನ್ನು ಫೋನ್ ಓದಿ ಹೇಳುತ್ತದೆ. ಅದಕ್ಕೇ ವಿಜ್ಞಾನದ ನೋಟ್ಸ್ ಫೋಟೋ ನೋಡಿಕೊಂಡು ನಾನು ಟೈಪ್ ಮಾಡಿಕೊಡುತ್ತಿದ್ದೇನೆ.

H2O ಸರಿಯಾಗಿ ಬರುತ್ತದೆ. ಮೈಲುತುತ್ತದ ಹತ್ತಿರ ಸಿಕ್ಕಿಕೊಂಡೆ. CuSO4.5H2O ಅಂತ ಹೊಡೆದರೆ ಫೋನ್ "ನಾಲ್ಕು ಪಾಯಿಂಟ್ ಐದು" ಅನ್ನುತ್ತದೆ. ಅಲ್ಲಿರುವುದು ಐದು ನೀರಿನ ಅಣು, ದಶಮಾಂಶ ಅಲ್ಲ ಅಲ್ವಾ? ಸಲ್ಫೇಟ್ ಅಯಾನು SO42- ಆಗಿ "ನಲವತ್ತೆರಡು" ಆಯಿತು. ಚಿಕ್ಕ ₄ ಹಾಕಿ ನೋಡಿದೆ, ಅವಳ ಫೋನ್ ಅದನ್ನು ಓದುವುದೇ ಇಲ್ಲ.

ಈಗ ಹೀಗೆ ಬರೆಯುತ್ತಿದ್ದೇನೆ:

```
CuSO4 · 5 H2O
SO4^2-
25 cm^3
```

^ ಅಂದರೆ ಮೇಲೆ ಬರೆದದ್ದು ಅಂತ ಅವಳಿಗೆ ಹೇಳಿದ್ದೇನೆ. ಇದು ಸರಿಯೇ? ರಸಾಯನಶಾಸ್ತ್ರದ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಅವಳಿಗೆ ಟೆಸ್ಟ್ ಇದೆ.