ಬಯಲಾಟದ ವಿಡಿಯೋ ತೆರೀತಿಲ್ಲ, ಫೋನ್ ಮಧ್ಯದಲ್ಲೇ ಆಫ್ ಆಗಿತ್ತು

ಸಿರುಗುಪ್ಪದವ:
ನಮಸ್ಕಾರ ಎಲ್ಲರಿಗೂ. ನಮ್ಮೂರಲ್ಲಿ ಭಾನುವಾರ ರಾತ್ರಿ ಬಯಲಾಟ ಇತ್ತು, ಫೋನನ್ನು ಸ್ಟ್ಯಾಂಡಿಗೆ ಹಾಕಿ ರೆಕಾರ್ಡ್ ಮಾಡ್ತಿದ್ದೆ. ಸುಮಾರು 25 ನಿಮಿಷ ಆದ ಮೇಲೆ ಫೋನ್ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಯ್ತು. ಗ್ಯಾಲರಿಯಲ್ಲಿ ವಿಡಿಯೋ ಇಲ್ಲವೇ ಇಲ್ಲ. ಫೈಲ್ ಮ್ಯಾನೇಜರಿನಲ್ಲಿ ಮರೆಯಾದ ಫೈಲುಗಳನ್ನು ತೋರಿಸು ಅಂತ ಕೊಟ್ಟಾಗ ಇದು ಸಿಕ್ಕಿತು, 3.1 ಜಿಬಿ ಇದೆ:

```
.pending-1742147047-VID_20250309_231407.mp4
```

ಹೆಸರು ಬದಲಾಯಿಸಿದರೂ ಯಾವ ಪ್ಲೇಯರಿನಲ್ಲೂ ಓಡ್ತಿಲ್ಲ. ಅದರಲ್ಲಿ ಹಾಡಿದ ಹಿರಿಯರಿಗೆ ವಯಸ್ಸಾಗಿದೆ, ಮುಂದಿನ ವರ್ಷ ಹಾಡ್ತಾರೋ ಇಲ್ಲವೋ ಗೊತ್ತಿಲ್ಲ. ಏನಾದರೂ ಮಾಡಬಹುದಾ?

ಗಂಗಾವತಿ ಕ್ಲಿಕ್:
ಹೆಡರ್ ಹೋಗಿದೆ ಅಣ್ಣ. ಅದೇ ಫೋನಿನ ಬೇರೆ ಒಳ್ಳೆ ವಿಡಿಯೋ ತಗೊಂಡು ಅದರ ಹೆಡರ್ ಕಾಪಿ ಮಾಡಿ ಇದಕ್ಕೆ ಅಂಟಿಸಿ, ಆಯ್ತು. ನಾನು ಫೋಟೋಗೆ ಹಾಗೇ ಮಾಡಿ ಸರಿ ಮಾಡಿದ್ದೇನೆ.

ರಾಯಚೂರು ರಿಪೇರಿ:
ಮೊದಲು ಆ ಫೈಲನ್ನು ಈಗಲೇ ಕಂಪ್ಯೂಟರಿಗೆ ಕಾಪಿ ಮಾಡಿ, ಉಳಿದ ಮಾತು ಆಮೇಲೆ. ಹೆಸರಲ್ಲಿರುವ ಆ ಹತ್ತು ಅಂಕಿ ಗಡುವಿನ ಸಮಯ. ರೆಕಾರ್ಡಿಂಗ್ ಮುಗಿಯದೆ ಉಳಿದ ಇಂಥ ಫೈಲನ್ನು ಆಂಡ್ರಾಯ್ಡ್ ವಾರದ ಮೇಲೆ ತಾನೇ ಅಳಿಸುತ್ತದೆ. ನಿಮ್ಮದರ ಗಡುವು ಮಾರ್ಚ್ 16ರ ರಾತ್ರಿ. ಕಂಪ್ಯೂಟರಿನಲ್ಲೂ ಎರಡು ಪ್ರತಿ ಇಟ್ಟುಕೊಂಡು ಒಂದರ ಮೇಲೆ ಮಾತ್ರ ಕೈ ಹಾಕಿ.

3.1 ಜಿಬಿ ಅನ್ನೋದು ಒಳ್ಳೆ ಸುದ್ದಿ. 1080 ರೆಸಲ್ಯೂಶನ್‌ನಲ್ಲಿ ಎಷ್ಟೋ ಫೋನುಗಳು ಸೆಕೆಂಡಿಗೆ 2 ಎಂಬಿ ಆಸುಪಾಸು ಬರೀತವೆ, ಆ ಲೆಕ್ಕಕ್ಕೆ 25 ನಿಮಿಷ ಸರಿಹೊಂದುತ್ತದೆ. ಅಂದರೆ ಚಿತ್ರ, ಶಬ್ದ ಎರಡೂ ಒಳಗಿರುವ ಸಾಧ್ಯತೆ ಜಾಸ್ತಿ. ಫೈಲಿನೊಳಗಿನ ಬೈಟುಗಳನ್ನು ತೋರಿಸುವ HxD ಹಾಕಿಕೊಂಡು ಫೈಲಿನ ಮೊದಲ ಮೂರು ಸಾಲು ಇಲ್ಲಿ ಹಾಕಿ, ನಡುವೆ ಒಂದೆರಡು ಕಡೆ ಸ್ಕ್ರಾಲ್ ಮಾಡಿ ಬರೀ 00 ಇದೆಯಾ ಅಂತಲೂ ನೋಡಿ.

ಸಿರುಗುಪ್ಪದವ:
ಕಾಪಿ ಆಯ್ತು ಸರ್. ನಡುವೆ ಎಲ್ಲಾ ಕಡೆ ಏನೇನೋ ಅಕ್ಷರ ಇವೆ, ಸೊನ್ನೆ ಇಲ್ಲ. ಮೊದಲ ಸಾಲುಗಳು:

```
00 00 00 18 66 74 79 70 6D 70 34 32 00 00 00 00  ....ftypmp42....
69 73 6F 6D 6D 70 34 32 00 00 00 01 6D 64 61 74  isommp42....mdat
3F 3F 3F 3F 3F 3F 3F 3F                          ????????
```

ರಾಯಚೂರು ರಿಪೇರಿ:
ನೋಡಿ, ಫೈಲಿನ ಶುರುವಿನ ಹೆಡರ್ ಚೆನ್ನಾಗಿಯೇ ಇದೆ. `mdat` ಆದ ಮೇಲೆ ಎಂಟು ಪ್ರಶ್ನಾರ್ಥಕ ಚಿಹ್ನೆ ಕಾಣ್ತಿವೆಯಲ್ಲ, ಅದು ಹಾಳಾದದ್ದಲ್ಲ, ಫೋನ್ ಬಿಟ್ಟ ಖಾಲಿ ಜಾಗ. ರೆಕಾರ್ಡಿಂಗ್ ನಿಲ್ಲಿಸಿದಾಗ ಒಟ್ಟು ಅಳತೆಯನ್ನು ಅಲ್ಲಿ ತುಂಬಿ, `moov` ಅನ್ನೋ ಭಾಗವನ್ನು ಫೈಲಿನ ಕೊನೆಗೆ ಬರೆಯುತ್ತದೆ. ನಿಮ್ಮದು ಅಷ್ಟರೊಳಗೆ ಆಫ್ ಆಗಿದೆ. `ffprobe` ಓಡಿಸಿದರೆ `moov atom not found` ಅಂತಲೇ ಬರುತ್ತದೆ.

ಗಂಗಾವತಿಯವರು ಹೇಳಿದ್ದು ಅರ್ಧ ಸರಿ. ಫೋಟೋ ಹೆಡರಿನಲ್ಲಿ ಇರೋದು ಹೆಚ್ಚಾಗಿ ಕ್ಯಾಮೆರಾದ ಕೋಷ್ಟಕಗಳು, ಅದೇ ಕ್ಯಾಮೆರಾ ಅದೇ ಸೆಟ್ಟಿಂಗ್ ಅದೇ ಅಳತೆ ಆದರೆ ಒಂದರದ್ದು ಇನ್ನೊಂದಕ್ಕೆ ಕೂಡುತ್ತದೆ. ವಿಡಿಯೋದ `moov` ಹಾಗಲ್ಲ, ಪ್ರತಿ ಫ್ರೇಮ್ ಫೈಲಿನಲ್ಲಿ ಎಲ್ಲಿ ಶುರು, ಎಷ್ಟು ಬೈಟ್, ಎಷ್ಟು ಹೊತ್ತು ತೋರಿಸಬೇಕು ಅಂತ ಪಟ್ಟಿ ಇರುತ್ತದೆ. ಬೇರೆ ವಿಡಿಯೋದ ಪಟ್ಟಿ ಅಂಟಿಸಿದರೆ ಬೇರೆಯವರ ಮನೆ ವಿಳಾಸ ಹಿಡಿದು ನಿಮ್ಮ ಮನೆ ಹುಡುಕಿದ ಹಾಗೆ. ಆದರೆ ಕೋಡೆಕ್ ಸೆಟ್ಟಿಂಗ್ ಮಾತ್ರ ಒಳ್ಳೆ ವಿಡಿಯೋದಿಂದಲೇ ಬರಬೇಕು. `untrunc` ಮಾಡೋದು ಅದನ್ನೇ: ಸೆಟ್ಟಿಂಗ್ ಅಲ್ಲಿಂದ ತಗೊಂಡು, ನಿಮ್ಮ ಫೈಲಿನೊಳಗೆ ಫ್ರೇಮುಗಳನ್ನು ಒಂದೊಂದಾಗಿ ಗುರುತಿಸಿ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ವಿಂಡೋಸಿಗೂ ಸಿಗುತ್ತದೆ.

ಅದೇ ಫೋನಿನಲ್ಲಿ, ಅದೇ ಕ್ಯಾಮೆರಾ ಆಪ್‌ನಲ್ಲಿ, ಅವತ್ತಿನ ಸೆಟ್ಟಿಂಗ್ ಒಂದನ್ನೂ ಮುಟ್ಟದೆ ಎರಡು ನಿಮಿಷ ರೆಕಾರ್ಡ್ ಮಾಡಿ. ಅಡ್ಡ ಹಿಡಿದಿದ್ದರೆ ಅಡ್ಡವೇ ಹಿಡಿಯಿರಿ. ಆಮೇಲೆ ಅದಕ್ಕೆ `ok.mp4`, ಹಾಳಾದ ಫೈಲಿನ ಪ್ರತಿಗೆ `aata.mp4` ಅಂತ ಹೆಸರು ಕೊಟ್ಟು:

```
untrunc ok.mp4 aata.mp4
```

ಸಿಂಧನೂರು ಸ್ಟುಡಿಯೋ:
ನಮ್ಮದೂ ಇದೇ ಕಥೆ ಸರ್, ಮದುವೆ ಫೋಟೋ 40 ತೆರೀತಿಲ್ಲ, ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದ್ದು. ಈ `untrunc` ಹಾಕಲಾ? HxDಯಲ್ಲಿ ಮೇಲಿಂದ ಕೆಳಗಿನ ತನಕ ಬರೀ 00 ಬರ್ತಿದೆ.

ರಾಯಚೂರು ರಿಪೇರಿ:
ಇಲ್ಲ ಸರ್, ಅದು ವಿಡಿಯೋಗೆ. ನಿಮ್ಮ ಫೈಲಿಗೆ ಹೆಸರು, ಅಳತೆ ಇದೆ, ಒಳಗೆ ಫೋಟೋನೇ ಇಲ್ಲ. ಯಾವ ಹೆಡರ್ ಹಾಕಿದರೂ ಬರಲ್ಲ. ಕ್ಯಾಮೆರಾದ ಕಾರ್ಡಿಗೆ ಹೊಸದೇನೂ ಬರೆಯದೆ ಹಾಗೇ ಇಟ್ಟಿದ್ದರೆ PhotoRec ಓಡಿಸಿ, ನಿಮ್ಮ ದಾರಿ ಅದು.

ಸಿರುಗುಪ್ಪದವ:
ಬಂತು ಸರ್!! `aata_fixed.mp4` ಓಡ್ತಿದೆ, ಶಬ್ದ ಪೂರ್ತಿ ಇದೆ. ಆದರೆ ಚಿತ್ರ ಜೋರಾಗಿ ಓಡ್ತಿದೆ. ಹಾಡು ಒಂದು ಕಡೆ, ಕುಣಿತ ಇನ್ನೊಂದು ಕಡೆ. ಚಿತ್ರ 19:44ಕ್ಕೆ ಮುಗಿಯುತ್ತದೆ, ಶಬ್ದ 24:40 ತನಕ ಇದೆ. ಐದು ನಿಮಿಷದ ಚಿತ್ರ ಹೋಯ್ತಾ?

ಗಂಗಾವತಿ ಕ್ಲಿಕ್:
ಹೋಗಿದೆ ಅನ್ಸುತ್ತೆ. ಫ್ರೇಮ್ ಡ್ರಾಪ್.

ರಾಯಚೂರು ರಿಪೇರಿ:
ಹೋಗಿಲ್ಲ. ಸ್ಯಾಂಪಲ್ ವಿಡಿಯೋ ಹಗಲಲ್ಲಿ ತೆಗೆದಿರಿ, ಅಲ್ವಾ? ಕತ್ತಲಲ್ಲಿ ಬೆಳಕು ಸಾಲದಿದ್ದಾಗ ಎಷ್ಟೋ ಫೋನುಗಳು ಫ್ರೇಮ್ ರೇಟ್ ತಾವೇ ಇಳಿಸಿಕೊಳ್ಳುತ್ತವೆ. ಯಾವ ಫ್ರೇಮ್ ಎಷ್ಟು ಹೊತ್ತು ಅನ್ನೋದು `moov`ನಲ್ಲಿ ಮಾತ್ರ ಇರುತ್ತದೆ, ಅದು ಹೋಗಿದ್ದರಿಂದ `untrunc` ಸ್ಯಾಂಪಲ್ಲಿನ ವೇಗವನ್ನೇ ಹಚ್ಚಿದೆ. ಹಗಲಿನದು 30, ರಾತ್ರಿಯದು ಅದಕ್ಕಿಂತ ಕಮ್ಮಿ.

ಶಬ್ದ ನಂಬಬಹುದು, ಅದರ ಒಂದೊಂದು ತುಂಡಿನ ಅವಧಿ ಯಾವಾಗಲೂ ಒಂದೇ. 24:40 ಅಂದರೆ 1480 ಸೆಕೆಂಡ್, ಚಿತ್ರದ್ದು 1184. ಭಾಗಿಸಿದರೆ 1.25. 30ನ್ನು 1.25ರಿಂದ ಭಾಗಿಸಿದರೆ 24 ಬರುತ್ತದೆ, ಲೆಕ್ಕ ಕೂಡಿತು. ಚಿತ್ರವನ್ನು ಅಷ್ಟು ಎಳೆಯಿರಿ:

```
ffmpeg -itsscale 1.25 -i aata_fixed.mp4 -i aata_fixed.mp4 -map 0:v -map 1:a -c copy aata_sync.mp4
```

ಒಂದೇ ಫೈಲನ್ನು ಎರಡು ಸಲ ಕೊಟ್ಟಿರೋದು ಬೇಕಂತಲೇ, ಮೊದಲನೆಯದರಿಂದ ಎಳೆದ ಚಿತ್ರ, ಎರಡನೆಯದರಿಂದ ಮುಟ್ಟದ ಶಬ್ದ. ಮತ್ತೆ ಎನ್‌ಕೋಡ್ ಆಗಲ್ಲ, ಗುಣಮಟ್ಟವೂ ಹಾಗೇ ಉಳಿಯುತ್ತದೆ.

ಸಿರುಗುಪ್ಪದವ:
ಶುರುವಿನಲ್ಲಿ ಮತ್ತು ಕೊನೆಯಲ್ಲಿ ತಾಳ, ಗೆಜ್ಜೆ ಎಲ್ಲಾ ಸರಿ ಕೂತಿದೆ ಸರ್. ಆದರೆ ನಡುವೆ, 9ನೇ ನಿಮಿಷದ ಆಸುಪಾಸಿನಿಂದ ಸ್ವಲ್ಪ ಹೊತ್ತು ಬಾಯಿಗೂ ಹಾಡಿಗೂ ಅರ್ಧ ಸೆಕೆಂಡ್ ವ್ಯತ್ಯಾಸ ಇದೆ. ಆಗ ಕರೆಂಟ್ ಹೋಗಿ ಜನರೇಟರ್ ಹಾಕಿದ್ದರು, ಎರಡೇ ಲೈಟ್ ಇತ್ತು.

ರಾಯಚೂರು ರಿಪೇರಿ:
ಕಾರಣ ಅದೇ ಇರಬೇಕು. ಬೆಳಕು ಇಳಿದಾಗ ರೇಟ್ ಇನ್ನೂ ಇಳಿದಿದೆ, ನಾವು ಸರಾಸರಿ ಹಾಕಿದ್ದೇವೆ. ಒಂದೇ ಅಂಕಿಯಲ್ಲಿ ಇದು ಸರಿಹೋಗಲ್ಲ. ಎಡಿಟರಿನಲ್ಲಿ ಶಬ್ದವನ್ನು ಹಾಗೇ ಇಟ್ಟು, ಲೈಟ್ ಬದಲಾದ ಕಡೆ ಚಿತ್ರವನ್ನು ಮಾತ್ರ ಕತ್ತರಿಸಿ, ಡೋಲಿನ ಪೆಟ್ಟು ಅಥವಾ ಚಪ್ಪಾಳೆ ನೋಡಿಕೊಂಡು ಆ ತುಂಡಿನ ವೇಗ ಕೈಯಿಂದಲೇ ಹೊಂದಿಸಬೇಕು. ಪೂರ್ತಿ ಕರಾರುವಾಕ್ಕಾಗಿ ಬರುತ್ತೆ ಅಂತ ನಾನು ಹೇಳಲ್ಲ.

ಗಂಗಾವತಿ ಕ್ಲಿಕ್:
ಸ್ಯಾಂಪಲ್ಲನ್ನೂ ರಾತ್ರಿ ಎರಡು ಲೈಟ್ ಹಾಕಿ ತೆಗೆದಿದ್ದರೆ?

ರಾಯಚೂರು ರಿಪೇರಿ:
ಆಗ ಮೊದಲ ಸಲವೇ ರೇಟ್ 24ರ ಹತ್ತಿರ ಬರ್ತಿತ್ತು, ಎಳೆಯುವ ಕೆಲಸ ಉಳೀತಿತ್ತು. 9ನೇ ನಿಮಿಷದ ತಕರಾರು ಆಗಲೂ ಇರ್ತಿತ್ತು.

ಸಿರುಗುಪ್ಪದವ:
ಇವತ್ತು ರಾತ್ರಿ ಆ ತುಂಡು ಕತ್ತರಿಸಿ ನೋಡ್ತೇನೆ ಸರ್. ಹಾಡಷ್ಟನ್ನು ಬೇರೆ ಫೈಲ್ ಮಾಡಿ ಅವರ ಮಗನಿಗೆ ಆಗಲೇ ಕಳಿಸಿದೆ.